ಎಂಬತ್ತೈದು ಬರುತ್ತದೆಯೇ? ಅಂಕಗಳ ಹರಡಿಕೆ ಮತ್ತು ಸಂಭವದ ಲೆಕ್ಕ

(ದತ್ತಿ ಉಪನ್ಯಾಸದ ಮುದ್ರಿತ ಪಠ್ಯ)



ಡಿಸೆಂಬರ್ ಮುಗಿಯುವ ಹೊತ್ತಿಗೆ ನಡೆಯುವ ಪೋಷಕರ ಸಭೆಯಲ್ಲಿ ಪ್ರತಿಯೊಬ್ಬ ಗಣಿತದ ಮೇಷ್ಟರಿಗೂ ಎದುರಾಗುವ ಪ್ರಶ್ನೆ ಒಂದಿದೆ. "ಸರ್, ನಮ್ಮ ಹುಡುಗಿಗೆ ಎಂಬತ್ತೈದು ಬರುತ್ತಾ?" ಮೇಷ್ಟರು ಅಂಕಪುಸ್ತಕ ತೆರೆದು ಸರಾಸರಿ ನೋಡುತ್ತಾರೆ. ಎಪ್ಪತ್ತೇಳು ಇದ್ದರೆ "ಸ್ವಲ್ಪ ಜೋರಾಗಿ ಓದಿದರೆ ಬರುತ್ತೆ" ಎನ್ನುತ್ತಾರೆ. ಎಂಬತ್ತೇಳು ಇದ್ದರೆ "ಚಿಂತೆ ಬೇಡ" ಎನ್ನುತ್ತಾರೆ. ಎರಡೂ ಉತ್ತರಗಳಲ್ಲಿ ಸೌಜನ್ಯವಿದೆ, ಲೆಕ್ಕ ಮಾತ್ರ ಇಲ್ಲ. ಅದೇ ಪುಸ್ತಕದ ಅದೇ ಸಾಲಿನಲ್ಲಿ ಸರಾಸರಿಯಷ್ಟೇ ಮುಖ್ಯವಾದ ಇನ್ನೊಂದು ಸಂಗತಿ ಇದ್ದೇ ಇರುತ್ತದೆ. ಅದು ಅಂಕಗಳು ಆ ಸರಾಸರಿಯ ಸುತ್ತ ಎಷ್ಟು ಹರಡಿಕೊಂಡಿವೆ ಎಂಬುದು. ಇವತ್ತು ನಾನು ಮಾತಾಡುವುದು ಆ ಹರಡಿಕೆಯ ಬಗ್ಗೆ, ಮತ್ತು ಆ ಹರಡಿಕೆ ನಿಜವಾಗಿ ಯಾರದು ಎಂಬುದರ ಬಗ್ಗೆ.

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ವಿಷಯ ಗಣಿತ. ವರ್ಷವಿಡೀ ಕಾಲೇಜಿನಲ್ಲಿ ನೂರು ಅಂಕಗಳ ಎಂಟು ಪರೀಕ್ಷೆಗಳನ್ನು ಬರೆದಿದ್ದಾಳೆ. ಬಂದ ಅಂಕಗಳು ಕ್ರಮವಾಗಿ 72, 81, 68, 77, 85, 74, 79, 80. ಒಟ್ಟು 616, ಸರಾಸರಿ ಸರಿಯಾಗಿ 77. ವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ 85 ಬೇಕು.

ಬೆರಳೆಣಿಸಿ ಹೇಳುವುದಾದರೆ ಎಂಟರಲ್ಲಿ ಒಂದು ಸಲ ಆ ಗುರಿ ಮುಟ್ಟಿದ್ದಾಳೆ, ಅಂದರೆ ನೂರಕ್ಕೆ ಹನ್ನೆರಡೂವರೆ. ಇದೇನೂ ಕೆಟ್ಟ ಉತ್ತರವಲ್ಲ. ಆದರೆ ಗುರಿ 86 ಎಂದು ಒಂದೇ ಅಂಕ ಏರಿಸಿದರೆ ಈ ಲೆಕ್ಕ ಸೊನ್ನೆ ಎನ್ನುತ್ತದೆ. 81ಕ್ಕೆ ಇಳಿಸಿದರೆ ಥಟ್ಟನೆ ಕಾಲುಭಾಗ ಎನ್ನುತ್ತದೆ. 85ರ ಗುರಿಯಿಂದ ನಾಲ್ಕು ಅಂಕ ಕೆಳಗಿದ್ದ ಪರೀಕ್ಷೆಯನ್ನೂ ಹದಿನೇಳು ಅಂಕ ಕೆಳಗಿದ್ದ ಪರೀಕ್ಷೆಯನ್ನೂ ಅದು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಎಂಟು ಅಂಕಿಗಳಲ್ಲಿ ಅಡಗಿರುವ ಮಾಹಿತಿಯ ಬಹುಪಾಲನ್ನು ಹೀಗೆ ಎಸೆದುಬಿಟ್ಟಂತಾಯಿತು.

ಅದನ್ನು ಉಳಿಸಿಕೊಳ್ಳುವ ದಾರಿ ಮಾನಕ ವಿಚಲನೆ. ಹತ್ತನೇ ತರಗತಿಯಲ್ಲೇ ನಾವೆಲ್ಲ ಮಾಡಿದ್ದು, ಆಮೇಲೆ ಮರೆತದ್ದು. ಪ್ರತಿ ಅಂಕ 77ರಿಂದ ಎಷ್ಟು ದೂರ? ಐದು ಕೆಳಗೆ, ನಾಲ್ಕು ಮೇಲೆ, ಒಂಬತ್ತು ಕೆಳಗೆ, ಸೊನ್ನೆ, ಎಂಟು ಮೇಲೆ, ಮೂರು ಕೆಳಗೆ, ಎರಡು ಮೇಲೆ, ಮೂರು ಮೇಲೆ. ಇವುಗಳ ವರ್ಗಗಳನ್ನು ಕೂಡಿದರೆ 208. ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಇದನ್ನು ಎಂಟರಿಂದಲ್ಲ, ಏಳರಿಂದ ಭಾಗಿಸಬೇಕು. 77 ಎಂಬ ಸರಾಸರಿಯನ್ನು ಇದೇ ಅಂಕಗಳಿಂದ ತೆಗೆದಿರುವುದರಿಂದ ದೂರಗಳು ಅದಕ್ಕೆ ಬೇಕಾದಂತೆ ಹೊಂದಿಕೊಂಡೇ ಇರುತ್ತವೆ. ಏಳು ದೂರ ಗೊತ್ತಾದರೆ ಎಂಟನೆಯದು ತಾನೇ ನಿರ್ಧಾರವಾಗುತ್ತದೆ. ಭಾಗಿಸಿ ವರ್ಗಮೂಲ ತೆಗೆದರೆ 5.45.

ಇಲ್ಲಿಂದ ಹೆಚ್ಚಿನವರು ನೇರವಾಗಿ ಗಂಟೆಯಾಕಾರದ ವಕ್ರರೇಖೆಗೆ ಹೋಗುತ್ತಾರೆ. ಅಂಕಗಳು ಪೂರ್ಣಸಂಖ್ಯೆಯಲ್ಲೇ ಬರುವುದರಿಂದ ಗಡಿಯನ್ನು 84.5ರಲ್ಲಿ ಇಡುವುದು ಸರಿಯಾದ ಕ್ರಮ. ಅದು ಸರಾಸರಿಗಿಂತ 7.5 ಮೇಲಿದೆ. 7.5ನ್ನು 5.45ರಿಂದ ಭಾಗಿಸಿದರೆ 1.38. ಕೋಷ್ಟಕ ನೋಡಿದರೆ ನೂರಕ್ಕೆ ಎಂಟರಷ್ಟು ಸಂಭವ ಎನ್ನುತ್ತದೆ.

ಈ ಎಂಟು ತುಸು ಕಡಿಮೆಯಾಯಿತು, ಅದಕ್ಕೆ ಕಾರಣ ಎರಡು. ಮೊದಲನೆಯದು, ಅವಳ ನಿಜವಾದ ಮಟ್ಟ 77 ಎಂದು ನಮಗೆ ಖಚಿತವಾಗಿ ಗೊತ್ತಿಲ್ಲ. ಅದು ಎಂಟೇ ಪರೀಕ್ಷೆಗಳಿಂದ ಮಾಡಿದ ಅಂದಾಜು. 75 ಇರಬಹುದು, 79 ಇರಬಹುದು. ಮುಂದಿನ ಪರೀಕ್ಷೆಯ ಏರಿಳಿತದ ಜೊತೆಗೆ ಈ ಅನಿಶ್ಚಿತತೆಯೂ ಸೇರಬೇಕು. ಅದಕ್ಕಾಗಿ 5.45ನ್ನು ಒಂದು ಮತ್ತು ಎಂಟನೇ ಒಂದರ ಮೊತ್ತದ ವರ್ಗಮೂಲದಿಂದ ಗುಣಿಸುತ್ತೇವೆ, 5.78 ಆಗುತ್ತದೆ. ಎರಡನೆಯದು, 5.45 ಎಂಬ ಹರಡಿಕೆಯೇ ಒಂದು ಅಂದಾಜು. ಎಂಟು ಅಂಕಗಳಿಂದ ತೆಗೆದ ಹರಡಿಕೆ ನಿಜಕ್ಕಿಂತ ಕಿರಿದಾಗಿ ಕಂಡುಬಿಡುವ ಅಪಾಯ ಸಾಕಷ್ಟಿದೆ. ಇದಕ್ಕೆ ಪರಿಹಾರ ಕೊಟ್ಟವನು ವಿಲಿಯಂ ಗಾಸೆಟ್. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯ ನೌಕರ. ಕೆಲವೇ ಮಾದರಿಗಳಿಂದ ಬಾರ್ಲಿಯ ಗುಣಮಟ್ಟ ತೀರ್ಮಾನಿಸಬೇಕಾದ ಕಷ್ಟ ಅವನದು. 1908ರಲ್ಲಿ 'ಸ್ಟೂಡೆಂಟ್' ಎಂಬ ಗುಪ್ತನಾಮದಲ್ಲಿ ಅವನು ಪ್ರಕಟಿಸಿದ ಲೇಖನದಿಂದ ಹುಟ್ಟಿದ್ದು ಟಿ-ವಿತರಣೆ. ಗಂಟೆಯಾಕಾರದ ರೇಖೆಯದೇ ಹೋಲಿಕೆ, ಆದರೆ ಎರಡೂ ಬದಿಯ ಅಂಚು ಇನ್ನಷ್ಟು ದಪ್ಪ. 7.5ನ್ನು 5.78ರಿಂದ ಭಾಗಿಸಿ ಟಿ ಕೋಷ್ಟಕದ ಏಳನೇ ಸಾಲಿನಲ್ಲಿ ನೋಡಿದರೆ ಸಂಭವ ನೂರಕ್ಕೆ ಹನ್ನೆರಡು.

ಕೋಷ್ಟಕ ಹುಡುಕುವ ಕಾಲ ಈಗಿಲ್ಲ. ಕಾಲೇಜಿನ ಕಂಪ್ಯೂಟರಿನ ಸ್ಪ್ರೆಡ್‌ಶೀಟಿನಲ್ಲಿ ಎಂಟು ಅಂಕಗಳನ್ನು ಒಂದೇ ಕಾಲಮಿನಲ್ಲಿ ತುಂಬಿ, ಪಕ್ಕದ ಚೌಕದಲ್ಲಿ ಈ ಒಂದು ಸಾಲು ಬರೆದರೆ ಸಾಕು:

```
=T.DIST.RT((84.5-AVERAGE(A1:A8))/(STDEV.S(A1:A8)*SQRT(1+1/8)),7)
```

`STDEV.S` ಬದಲು `STDEV.P` ಹಾಕಿದರೆ ಎಂಟರಿಂದ ಭಾಗಿಸಿಬಿಡುತ್ತದೆ, ಎಚ್ಚರ. ಪರೀಕ್ಷೆಗಳು ಹತ್ತಾದರೆ ಎಂಟು ಇರುವಲ್ಲೆಲ್ಲ ಹತ್ತು, ಕೊನೆಯ ಏಳರ ಜಾಗದಲ್ಲಿ ಒಂಬತ್ತು.

ಹರಡಿಕೆ ಮಾಡುವ ಕೆಲಸ ಏನೆಂದು ತಿಳಿಯಲು ಅದೇ ತರಗತಿಯ ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸೋಣ. ಅವನ ಅಂಕಗಳು 60, 92, 70, 88, 66, 86, 73, 81. ಸರಾಸರಿ ಇವನದೂ 77. ಮಾನಕ ವಿಚಲನೆ ಮಾತ್ರ 11.45, ಅವಳದಕ್ಕಿಂತ ಎರಡು ಪಟ್ಟು. ಇವನು 85 ಮುಟ್ಟುವ ಸಂಭವ ನೂರಕ್ಕೆ ಇಪ್ಪತ್ತೆಂಟು. ಅವಳದರ ಎರಡೂಕಾಲು ಪಟ್ಟಿಗೂ ಹೆಚ್ಚು! ಸ್ಥಿರವಾಗಿ ಓದುವ ಹುಡುಗಿಗೆ ಇದು ಅನ್ಯಾಯ ಅನ್ನಿಸಬಹುದು. ಆದರೆ ಗುರಿಯನ್ನು 65ಕ್ಕೆ ಇಳಿಸಿ ನೋಡಿ. ಅವಳು ದಾಟುವ ಸಂಭವ ತೊಂಬತ್ತೇಳು, ಅವನದು ಎಂಬತ್ತಮೂರು. ಗುರಿ ಸರಾಸರಿಗಿಂತ ಮೇಲಿದ್ದರೆ ಹರಡಿಕೆ ನೆರವಿಗೆ ಬರುತ್ತದೆ, ಕೆಳಗಿದ್ದರೆ ಅದೇ ಹರಡಿಕೆ ಕೈಕೊಡುತ್ತದೆ. "ನಿಮ್ಮ ಮಗನ ಅಂಕದಲ್ಲಿ ಸ್ಥಿರತೆ ಇಲ್ಲ" ಎಂದು ದೂರುವ ಮೇಷ್ಟರು ಯಾವ ಗುರಿಯ ಬಗ್ಗೆ ಮಾತಾಡುತ್ತಿದ್ದಾರೆ ಎಂದು ಮೊದಲು ಹೇಳಬೇಕು.

ಇನ್ನು ಪೋಷಕರು ಹಾಕುವ ತಕರಾರು. "ಸರ್, ಆ ಅರವತ್ತೆಂಟು ಬಂದ ದಿನ ಅವಳಿಗೆ ಜ್ವರ ಇತ್ತು. ಅದನ್ನ ಲೆಕ್ಕಕ್ಕೆ ಹಿಡೀಬೇಡಿ." ಸರಿ, ಹಿಡಿಯುವುದು ಬೇಡ. ಉಳಿದ ಏಳರ ಸರಾಸರಿ 78.3ಕ್ಕೆ ಏರುತ್ತದೆ. ಈಗ ಸಂಭವ ಎಷ್ಟಾಗಿರಬೇಕು? ಸಭಿಕರಲ್ಲಿ ಕೆಲವರು ಇಪ್ಪತ್ತು ಎನ್ನುತ್ತಿರುವುದು ನನಗೆ ಕೇಳಿಸುತ್ತಿದೆ. ಉತ್ತರ ಮತ್ತೆ ಹನ್ನೆರಡೇ. ಕೆಟ್ಟ ಅಂಕ ತೆಗೆದಾಗ ಸರಾಸರಿ ಏರಿತು, ಹರಡಿಕೆ 5.45ರಿಂದ 4.39ಕ್ಕೆ ಕುಗ್ಗಿತು. ಏರಿದ್ದರಿಂದ ಆದ ಲಾಭವನ್ನು ಕುಗ್ಗಿದ್ದು ತಿಂದುಹಾಕಿತು. ಎಲ್ಲ ಅಂಕಪಟ್ಟಿಯಲ್ಲೂ ಇಷ್ಟು ನಿಖರವಾಗಿ ಸರಿಹೋಗುವುದಿಲ್ಲ, ನಿಜ. ಆದರೂ ಕೆಳಗಿನ ಒಂದು ಅಂಕವನ್ನು ಅಳಿಸಿದ ಮಾತ್ರಕ್ಕೆ ಮೇಲಿನ ಗುರಿ ಹತ್ತಿರ ಬರುವುದಿಲ್ಲ ಎನ್ನುವುದನ್ನು ಇದು ತೋರಿಸುತ್ತದೆ.

ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿ. "ಮೊದಮೊದಲು ಎಪ್ಪತ್ತರ ಆಸುಪಾಸು ಇದ್ದಳು, ಈಗ ಎಂಬತ್ತಕ್ಕೆ ಬಂದಿದ್ದಾಳೆ. ಏರುತ್ತಿದ್ದಾಳೆ ತಾನೆ?" ಎಂಟು ಅಂಕಗಳ ನಡುವೆ ಒಂದು ಸರಳರೇಖೆ ಎಳೆದರೆ ಪ್ರತಿ ಪರೀಕ್ಷೆಗೆ 0.86 ಅಂಕದ ಏರಿಕೆ ಕಾಣುತ್ತದೆ. ಅದನ್ನು ನಂಬಿ ಒಂಬತ್ತನೆಯ ಪರೀಕ್ಷೆಗೆ ಮುಂದುವರಿಸಿದರೆ ನಿರೀಕ್ಷೆ 81ಕ್ಕೆ ಬರುತ್ತದೆ, ಸಂಭವ ನೂರಕ್ಕೆ ಮೂವತ್ತೊಂದಕ್ಕೆ ಹಾರುತ್ತದೆ. ಹನ್ನೆರಡೋ ಮೂವತ್ತೊಂದೋ? ಅದೇ ಎಂಟು ಅಂಕಗಳು, ಕೇವಲ ಒಂದು ನಂಬಿಕೆಯ ವ್ಯತ್ಯಾಸ. ಈ ನಂಬಿಕೆಯನ್ನು ಪರೀಕ್ಷಿಸಲು ಸುಲಭದ ಉಪಾಯವಿದೆ. ಎಂಟು ಅಂಕಗಳನ್ನು ಎಂಟು ಚೀಟಿಯಲ್ಲಿ ಬರೆದು, ಕಲಸಿ, ಸಿಕ್ಕ ಕ್ರಮದಲ್ಲಿ ಜೋಡಿಸಿ ರೇಖೆ ಎಳೆಯಿರಿ. ಮತ್ತೆ ಮತ್ತೆ ಮಾಡಿದರೆ ಇಷ್ಟೇ ಕಡಿದಾದ ಏರಿಕೆಯೋ ಇಳಿಕೆಯೋ ಸುಮಾರು ಮೂರಕ್ಕೊಂದು ಸಲ ಬರುತ್ತದೆ. ಅಂದರೆ ಕಲಸಿದ ಚೀಟಿಗಳಲ್ಲೂ ಕಾಣಿಸಿಕೊಳ್ಳುವ ಏರಿಕೆ ಇದು. ಈ ಹಂತದಲ್ಲಿ ಅದರ ಮೇಲೆ ಭಾರ ಹಾಕಲು ನಾನು ಒಪ್ಪುವುದಿಲ್ಲ.

ಇಷ್ಟು ಹೊತ್ತು ನಾವು 5.45 ಎಂಬ ಹರಡಿಕೆಯನ್ನು ಆ ಹುಡುಗಿಯದೇ ಸ್ವಭಾವ ಎಂಬಂತೆ ನಡೆಸಿಕೊಂಡೆವು. ಒಂದು ದಿನ ಚೆನ್ನಾಗಿ ಬರೆಯುತ್ತಾಳೆ, ಇನ್ನೊಂದು ದಿನ ಎಡವುತ್ತಾಳೆ ಎಂದು. ಈಗ ಅಂಕಪುಸ್ತಕದ ಅದೇ ಪುಟದ ಕೆಳಗೆ ನೋಡಿ. ಇಡೀ ತರಗತಿಯ ಸರಾಸರಿ ಪ್ರತಿ ಪರೀಕ್ಷೆಯಲ್ಲಿ ಹೀಗಿತ್ತು ಎಂದುಕೊಳ್ಳೋಣ: 61, 66, 53, 62, 67, 60, 65, 62. ಮೂರನೆಯ ಪರೀಕ್ಷೆಯಲ್ಲಿ ತರಗತಿಗೆ ತರಗತಿಯೇ 53ಕ್ಕೆ ಇಳಿದಿತ್ತು. ಇಡೀ ತರಗತಿಗೆ ಒಂದೇ ದಿನ ಜ್ವರ ಬರುವುದಿಲ್ಲ, ಪ್ರಶ್ನೆಪತ್ರಿಕೆ ಕಷ್ಟವಿತ್ತು. ಅವಳ ಅಂಕದಿಂದ ತರಗತಿಯ ಸರಾಸರಿ ಕಳೆಯಿರಿ. 11, 15, 15, 15, 18, 14, 14, 18. ಸರಾಸರಿ 15. ಇವುಗಳ ಮಾನಕ ವಿಚಲನೆ ಬರೀ 2.27.

ಆ 208 ನೆನಪಿದೆಯಲ್ಲ? ಅದರಲ್ಲಿ 136 ತರಗತಿಯ ಸರಾಸರಿಯ ಏರಿಳಿತ, ಅಂದರೆ ಪ್ರಶ್ನೆಪತ್ರಿಕೆಯ ಪಾಲು. ಅವಳ ಸ್ವಂತ ಏರಿಳಿತದ ಪಾಲು 36. ಉಳಿದ 36 ಎರಡೂ ಜೊತೆಗೂಡಿದ್ದರಿಂದ ಬಂದದ್ದು. ಪತ್ರಿಕೆ ಸುಲಭವಿದ್ದಾಗ ಅವಳು ತರಗತಿಗಿಂತಲೂ ತುಸು ಹೆಚ್ಚೇ ಮುಂದೆ ಹೋಗಿದ್ದಾಳೆ. ಹರಡಿಕೆಯ ದೊಡ್ಡ ಪಾಲು ಅವಳದಲ್ಲ, ಪತ್ರಿಕೆ ತೆಗೆದವರದು. ನನ್ನ ಇಡೀ ಉಪನ್ಯಾಸದಲ್ಲಿ ಒಂದೇ ಮಾತು ಉಳಿಯಬೇಕಾದರೆ ಅದು ಈ ವಿಂಗಡಣೆ.

ಈಗ ಪೋಷಕರ ಪ್ರಶ್ನೆಗೆ ಉತ್ತರದ ಸ್ವರೂಪವೇ ಬದಲಾಗುತ್ತದೆ. ವಾರ್ಷಿಕ ಪರೀಕ್ಷೆಯ ಪತ್ರಿಕೆ ನಮ್ಮ ತರಗತಿಗೆ 62ರ ಸರಾಸರಿ ಕೊಡುವಷ್ಟು ಕಷ್ಟದ್ದಾದರೆ ಅವಳ ನಿರೀಕ್ಷೆ 77, ಹರಡಿಕೆ ಎರಡೂವರೆಗಿಂತ ಕಡಿಮೆ. 85 ಮುಟ್ಟುವ ಸಂಭವ ನೂರಕ್ಕೆ ಒಂದೂ ಇಲ್ಲ. ಐದನೆಯ ಪರೀಕ್ಷೆಯಂತೆ 67ರ ಸರಾಸರಿ ಬರುವ ಸುಲಭದ ಪತ್ರಿಕೆಯಾದರೆ ನಿರೀಕ್ಷೆ 82, ಸಂಭವ ಸುಮಾರು ಹದಿನೇಳು. ತರಗತಿಯ ಸರಾಸರಿ 70ಕ್ಕೆ ಏರಿದರೆ ಸಂಭವ ಐವತ್ತೆಂಟು. ಎಂಟು ಪತ್ರಿಕೆಗಳು ಏರಿಳಿದ ರೀತಿಯಲ್ಲೇ ವಾರ್ಷಿಕ ಪತ್ರಿಕೆಯೂ ಇರಬಹುದು ಎಂದು ಎಲ್ಲವನ್ನೂ ತೂಗಿ ಸೇರಿಸಿದರೆ ಮತ್ತೆ ಹತ್ತು ಹನ್ನೆರಡರ ಆಸುಪಾಸಿಗೇ ಬರುತ್ತೇವೆ. ಆದರೆ ಆ ಹನ್ನೆರಡು ಅವಳ ಓದಿನ ಬಗ್ಗೆ ಹೇಳುವ ಮಾತಲ್ಲ. "ಪತ್ರಿಕೆ ಸುಲಭವಾಗಿ ಬಂದರೆ ಆದೀತು, ಇಲ್ಲದಿದ್ದರೆ ಇಲ್ಲ" ಎಂಬುದನ್ನೇ ಅದು ಸಂಖ್ಯೆಯಲ್ಲಿ ಹೇಳುತ್ತಿದೆ.

ಇಲ್ಲಿ ಏರಿಕೆಯ ಪ್ರಶ್ನೆಗೂ ಮರಳಬೇಕು. ಪತ್ರಿಕೆಯ ಗದ್ದಲ ಕಳೆದ ಮೇಲೆ ಉಳಿದ ವ್ಯತ್ಯಾಸಗಳಲ್ಲಿ, ಅಂದರೆ 11ರಿಂದ 18ರವರೆಗೆ ಹೋಗುವ ಸಾಲಿನಲ್ಲಿ, ಪ್ರತಿ ಪರೀಕ್ಷೆಗೆ ಅರ್ಧ ಅಂಕದ ಏರಿಕೆ ಕಾಣುತ್ತದೆ. ಚೀಟಿ ಕಲಸುವ ಪರೀಕ್ಷೆಯಲ್ಲಿ ಇಷ್ಟು ಏರಿಳಿತ ಸುಮಾರು ಏಳಕ್ಕೊಂದು ಸಲ ಬರುತ್ತದೆ. ಮೊದಲಿನ ಮೂರಕ್ಕೊಂದಕ್ಕಿಂತ ಇದು ಗಟ್ಟಿ ಸುಳಿವು, ಆದರೂ ರುಜುವಾತಲ್ಲ. ಇನ್ನೆರಡು ಪೂರ್ವಸಿದ್ಧತಾ ಪರೀಕ್ಷೆಗಳ ನಂತರವೂ ವ್ಯತ್ಯಾಸ 18ರ ಆಸುಪಾಸಿನಲ್ಲೇ ನಿಂತರೆ ಅವಳು ತರಗತಿಯಿಂದ ದೂರ ಸಾಗುತ್ತಿದ್ದಾಳೆ ಎಂದು ನಾನು ಒಪ್ಪಿಕೊಳ್ಳುತ್ತೇನೆ. ಬರೀ ಅಂಕ ನೋಡುತ್ತಾ ಕೂತಿದ್ದರೆ ಈ ಸುಳಿವೇ ಸಿಗುತ್ತಿರಲಿಲ್ಲ.

ಕಾಲೇಜಿನ ಎಂಟು ಪರೀಕ್ಷೆಗಳಲ್ಲಿ ಕಾಣಿಸದ ಒಂದು ಹರಡಿಕೆ ವಾರ್ಷಿಕ ಪರೀಕ್ಷೆಯಲ್ಲಿ ಕಾದಿರುತ್ತದೆ. ಅದು ಮೌಲ್ಯಮಾಪಕರದು. ಕಾಲೇಜಿನಲ್ಲಿ ಎಲ್ಲ ಎಂಟು ಉತ್ತರಪತ್ರಿಕೆಗಳನ್ನೂ ತಿದ್ದಿದವರು ಒಬ್ಬರೇ ಮೇಷ್ಟರು. ಅವರು ಬಿಗಿಯಾದರೂ ಸಡಿಲವಾದರೂ ಎಂಟರಲ್ಲೂ ಒಂದೇ ರೀತಿ, ಹಾಗಾಗಿ ಅದು ಹರಡಿಕೆಯಲ್ಲಿ ಕಾಣುವುದೇ ಇಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಯಾರ ಮೇಜಿಗೆ ಹೋಗುತ್ತದೆಯೋ ಗೊತ್ತಿಲ್ಲ. ಅಂಕ ಕೊಡುವುದನ್ನು ಅಳತೆಯ ದೋಷವೆಂದು ಪರಿಗಣಿಸಿ ಸಂಭವ ಗಣಿತಕ್ಕೆ ತಂದವನು ಫ್ರಾನ್ಸಿಸ್ ಎಜ್ವರ್ತ್. ಪರೀಕ್ಷೆಗಳ ಸಂಖ್ಯಾಶಾಸ್ತ್ರದ ಬಗ್ಗೆ ಅವನ ಲೇಖನ 1888ರಲ್ಲೇ ಲಂಡನ್ನಿನಲ್ಲಿ ಪ್ರಕಟವಾಯಿತು. ಗಣಿತದಲ್ಲಿ ಈ ವ್ಯತ್ಯಾಸ ಪ್ರಬಂಧ ಬರೆಯುವ ವಿಷಯಗಳಷ್ಟು ಇರುವುದಿಲ್ಲ, ಆದರೆ ಹಂತದ ಅಂಕ ಕೊಡುವಲ್ಲಿ ಇದ್ದೇ ಇದೆ. ಅದರ ಮಾನಕ ವಿಚಲನೆ 3 ಎಂದು ಭಾವಿಸಿದರೆ, 62ರ ಪತ್ರಿಕೆಯಲ್ಲಿ ನೂರಕ್ಕೆ ಒಂದೂ ಇಲ್ಲದಿದ್ದ ಸಂಭವ ನಾಲ್ಕೈದಕ್ಕೆ ಬರುತ್ತದೆ. ಇದು ಎರಡೂ ಕಡೆ ಕತ್ತರಿಸುವ ಕತ್ತಿ. ಮೊದಲೇ ಹೇಳಿದಂತೆ, ಗುರಿ ಸರಾಸರಿಗಿಂತ ಕೆಳಗಿರುವ ಮಕ್ಕಳಿಗೆ ಇದೇ ಹರಡಿಕೆ ನಷ್ಟ.

ಎಲ್ಲಿ ಈ ಲೆಕ್ಕ ಕೈಕೊಡುತ್ತದೆ ಎಂಬುದನ್ನೂ ಹೇಳಬೇಕು. ಸರಾಸರಿ 95 ಇರುವ ವಿದ್ಯಾರ್ಥಿಗೆ ಇದನ್ನು ಬಳಸಬೇಡಿ. ಮಾನಕ ವಿಚಲನೆ 4 ಇದ್ದರೆ, ಆ ವಕ್ರರೇಖೆ ನೂರರಲ್ಲಿ ಸುಮಾರು ಹತ್ತು ಸಲ ನೂರಕ್ಕಿಂತ ಹೆಚ್ಚು ಅಂಕ ಬರುತ್ತದೆ ಎನ್ನುತ್ತದೆ! ಮೇಲೆ ಛಾವಣಿ ಇರುವಾಗ ಅಂಕಗಳು ಕೆಳಕ್ಕಷ್ಟೇ ಬಾಲ ಚಾಚುತ್ತವೆ, ಗಂಟೆಯಾಕಾರ ಉಳಿಯುವುದಿಲ್ಲ. ಅಲ್ಲಿ ಕಳೆದುಕೊಂಡ ಅಂಕಗಳನ್ನೇ ಎಣಿಸುವುದು ಮೇಲು.

ಒಟ್ಟು ಅಂಕದ ಗುರಿಯಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ಆರು ವಿಷಯಗಳು, ಪ್ರತಿಯೊಂದರಲ್ಲೂ ಮಾನಕ ವಿಚಲನೆ 5, ಗುರಿ ಒಟ್ಟು ಸರಾಸರಿಗಿಂತ 20 ಅಂಕ ಮೇಲೆ ಎಂದುಕೊಳ್ಳಿ. ಒಂದು ವಿಷಯದ ಏರಿಳಿತಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ ಎಂದುಕೊಂಡರೆ ಒಟ್ಟಿನ ಹರಡಿಕೆ 12, ಸಂಭವ ನೂರಕ್ಕೆ ಐದು. ಆದರೆ ವಿಷಯಗಳು ಜೊತೆಯಾಗಿ ಏರಿಳಿಯುತ್ತವೆ. ಓದಿನ ಲಹರಿ, ಮನೆಯ ಪರಿಸ್ಥಿತಿ, ಆರೋಗ್ಯ ಎಲ್ಲಕ್ಕೂ ಒಂದೇ. ಪರಸ್ಪರ ಸಹಸಂಬಂಧ ಅರ್ಧದಷ್ಟಿದ್ದರೆ ಹರಡಿಕೆ 23ಕ್ಕೆ, ಸಂಭವ ಹತ್ತೊಂಬತ್ತಕ್ಕೆ ಏರುತ್ತದೆ. ಇದಕ್ಕೆ ಸೂತ್ರದ ಕಸರತ್ತು ಬೇಕಿಲ್ಲ. ಪ್ರತಿ ಪರೀಕ್ಷೆಯ ಒಟ್ಟು ಅಂಕವನ್ನೇ ಒಂದು ಅಂಕಿಯೆಂದು ಹಿಡಿದು ಅದರ ಮಾನಕ ವಿಚಲನೆ ತೆಗೆದರೆ ಸಹಸಂಬಂಧ ತಾನಾಗಿ ಒಳಗೆ ಸೇರಿಕೊಳ್ಳುತ್ತದೆ.

ಈಗ ನೀವು ಕೇಳಬಹುದಾದ ಪ್ರಶ್ನೆ, ಹನ್ನೆರಡು ಎಂದು ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ? ಒಬ್ಬ ಹುಡುಗಿಯಿಂದ ಗೊತ್ತಾಗುವುದಿಲ್ಲ. ಅವಳಿಗೆ 86 ಬಂದರೂ 78 ಬಂದರೂ ಹನ್ನೆರಡು ಸುಳ್ಳಾಗುವುದಿಲ್ಲ. ತರಗತಿಯ ನಲವತ್ತು ಮಂದಿಗೂ ಪರೀಕ್ಷೆಗೆ ಮೊದಲೇ ಈ ಲೆಕ್ಕ ಮಾಡಿ ಬರೆದಿಟ್ಟು ಎಲ್ಲ ಸಂಭವಗಳನ್ನೂ ಕೂಡಿ. ಮೊತ್ತ 9.4 ಬಂತು ಎಂದುಕೊಳ್ಳಿ. ಅಂದರೆ ಒಂಬತ್ತು ಹತ್ತು ಮಂದಿ ಗುರಿ ಮುಟ್ಟಬೇಕು. ಪ್ರತಿಯೊಬ್ಬರ ಅದೃಷ್ಟ ಅವರವರದೇ ಆಗಿದ್ದರೆ ಈ ಎಣಿಕೆ ಮೂರರಷ್ಟು ಆಚೀಚೆ ಹೋಗಬಹುದು. ಫಲಿತಾಂಶದ ದಿನ ಹದಿನೇಳು ಮಂದಿ ಮುಟ್ಟಿದ್ದರೆ ಅದು ಹದಿನೇಳು ಬಿಡಿ ಅದೃಷ್ಟಗಳಲ್ಲ. ಪತ್ರಿಕೆ ನಿರೀಕ್ಷೆಗಿಂತ ಸುಲಭವಿತ್ತು, ಎಲ್ಲರ ಲೆಕ್ಕವೂ ಒಟ್ಟಿಗೆ ಒಂದೇ ಕಡೆಗೆ ತಪ್ಪಿತು.

ಹಾಗಾಗಿ ಮೇಷ್ಟರು ಅಂಕಪುಸ್ತಕಕ್ಕೆ ಸೇರಿಸಬೇಕಾದದ್ದು ಎರಡೇ ಸಾಲು. ಪ್ರತಿ ಪರೀಕ್ಷೆಯ ಕೆಳಗೆ ತರಗತಿಯ ಸರಾಸರಿ ಒಂದು. ಹಿಂದಿನ ಮೂರು ನಾಲ್ಕು ವರ್ಷಗಳಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಸರಾಸರಿಗೂ ವಾರ್ಷಿಕ ಪರೀಕ್ಷೆಯ ಸರಾಸರಿಗೂ ಎಷ್ಟು ಅಂತರ ಬಂದಿತ್ತು ಎಂಬುದು ಇನ್ನೊಂದು. ಆ ಅಂತರ ಪ್ರತಿವರ್ಷ ಐದಾರು ಅಂಕ ಮೇಲಕ್ಕೇ ಇದ್ದರೆ ನಮ್ಮ ಹುಡುಗಿಗೆ ಸಂಭವ ಹನ್ನೆರಡಲ್ಲ, ಅದಕ್ಕಿಂತ ಸಾಕಷ್ಟು ಹೆಚ್ಚು. ಒಂದು ವರ್ಷ ಮೇಲಕ್ಕೆ, ಇನ್ನೊಂದು ವರ್ಷ ಕೆಳಕ್ಕೆ ಇದ್ದರೆ ಹನ್ನೆರಡನ್ನೇ ಪೋಷಕರಿಗೆ ಹೇಳಿ, ಜೊತೆಗೆ ತರಗತಿಗಿಂತ ಹದಿನೈದು ಅಂಕ ಮುಂದಿದ್ದಾಳೆ ಎಂಬುದನ್ನೂ ಹೇಳಿ. ಅವಳ ಓದಿನ ಬಗ್ಗೆ ಆ ಎಂಟು ಪರೀಕ್ಷೆಗಳು ಖಚಿತವಾಗಿ ತಿಳಿಸುವುದು ಎರಡನೆಯದನ್ನೇ.